ಡಾಕ್ಟ್ರ ಚೀಟಿಯಲ್ಲಿ ಡಯಾಗ್ನೋಸಿಸ್ ಒಂದು ಸಾಲು, ಪ್ರೊಗ್ನೋಸಿಸ್ ಇನ್ನೊಂದು ಸಾಲು: ಮನೆಯವ್ರು ಎರಡನ್ನೂ ಓದ್ಕೊಳ್ಳೋದು ಹೇಗೆ

ರಾತ್ರಿ ಹತ್ತೂವರೆಗೆ ವಾಟ್ಸಾಪಲ್ಲಿ ಒಂದು ಫೋಟೋ ಬಂತು. ಆಸ್ಪತ್ರೆ ಕಾಗದ, ಸ್ವಲ್ಪ ಸೊಟ್ಟಕ್ಕೆ ತೆಗೆದಿದ್ದು, ಕೆಳಗೆ ಮೆಸೇಜು: "ಡಾಕ್ಟ್ರೇ, ಅಪ್ಪಯ್ಯಂಗೆ ಲಕ್ವ ಅಂದಿದ್ರು, ಈಗ ನೋಡಿದ್ರೆ ಪ್ರೊಗ್ನೋಸಿಸ್ ಅಂತ ಇನ್ನೊಂದೇನೋ ಬರ್ದಿದಾರೆ, ಅದೂ ಕಾಯಿಲೆನಾ? ಗಾರ್ಡೆಡ್ ಅಂತ ಇದೆ, ಅಂದ್ರೆ ಸೇಫ್ ತಾನೆ?"

ಎರಡು ಪ್ರಶ್ನೆ, ಎರಡೂ ತಪ್ಪು ದಿಕ್ಕಲ್ಲಿ ಹೋಗಿದಾವೆ, ಆದ್ರೆ ತಪ್ಪು ಅವರದ್ದಲ್ಲ. ನಾನೂ ವರ್ಷಗಟ್ಲೆ ಮೆಡಿಸಿನ್ ವಾರ್ಡಲ್ಲಿ ಡ್ಯೂಟಿ ಡಾಕ್ಟರ್ ಆಗಿ ಇದೇ ಸಾಲನ್ನ ಎಷ್ಟು ಸಲ ಬರ್ದಿದೀನೋ ಲೆಕ್ಕ ಇಲ್ಲ, ಬರೆದು ಅಟೆಂಡರ್ ಹತ್ರ, ಅಂದ್ರೆ ಪೇಷೆಂಟ್ ಜೊತೆಗಿರೋ ಮನೆಯವ್ರ ಹತ್ರ, ಸೈನ್ ಹಾಕಿಸ್ಕೊಂಡು ಮುಂದಿನ ಬೆಡ್ಡಿಗೆ ಹೋಗಿದೀನಿ, ಅವ್ರಿಗೆ ಅರ್ಥ ಆಯ್ತಾ ಅಂತ ಕೂತು ಕೇಳಿದ್ದು ಕಮ್ಮಿ. ಈಗ ತಾಲೂಕಲ್ಲಿ ಸ್ವಂತ ಕ್ಲಿನಿಕ್, ಜನ ಅದೇ ಕಾಗದ ಹಿಡ್ಕೊಂಡು ನನ್ನ ಹತ್ರ ಬರ್ತಾರೆ. ಹಾಗಾಗಿ ಒಂದ್ಸಲ ಪೂರ್ತಿ ಬರ್ದುಬಿಡ್ತೀನಿ. ಉದಾಹರಣೆಗೆ ಲಕ್ವದ ಕೇಸನ್ನೇ ಇಟ್ಕೊಳ್ತೀನಿ, ಎರಡು ಪದದ ವ್ಯತ್ಯಾಸ ಅದ್ರಲ್ಲಿ ಕಾಣೋಷ್ಟು ಚೆನ್ನಾಗಿ ಬೇರೆ ಕಡೆ ಕಾಣಲ್ಲ. (ಎರಡು ಮೂರು ಮನೆಯವ್ರ ಕಥೆ ಸೇರಿಸಿ ಒಂದು ಮಾಡಿದೀನಿ, ಯಾರದ್ದು ಅಂತ ಹುಡುಕ್ಬೇಡಿ.)

ಮೊದಲು ಎರಡು ಪದ ಬೇರೆ ಮಾಡ್ಕೊಳ್ಳಿ

ಡಯಾಗ್ನೋಸಿಸ್ ಅಂದ್ರೆ ಈಗ ಏನಾಗಿದೆ. ಪ್ರೊಗ್ನೋಸಿಸ್ ಅಂದ್ರೆ ಮುಂದೆ ಏನಾಗ್ಬಹುದು. ಇಷ್ಟೇ. ಪ್ರೊಗ್ನೋಸಿಸ್ ಅನ್ನೋ ಹೆಸರಿನ ಕಾಯಿಲೆ ಇಲ್ಲ.

ಮೆಸೇಜ್ ಕಳಿಸಿದ ಆ ಹುಡುಗಿಗೆ ನಾನು ಹೇಳಿದ್ದು ಅವರ ತೋಟದ ಭಾಷೇಲಿ. ಅಡಿಕೆ ಗೊನೆ ನೋಡಿ, ಕಾಯಿ ಮೇಲೆ ನೀರು ಹಿಡ್ಕೊಂಡ ಹಾಗೆ ಕಲೆ ಕಂಡು, ಇದು ಕೊಳೆರೋಗ ಅಂತೀರಲ್ಲ, ಅದು ಡಯಾಗ್ನೋಸಿಸ್. ಕೈಯಲ್ಲಿ ಕಾಯಿ ಇದೆ, ಕಲೆ ಇದೆ, ಅನುಮಾನ ಇದ್ರೆ ಇನ್ನೊಬ್ರಿಗೆ ತೋರಿಸ್ಬಹುದು. ಈ ಸಲ ಫಸಲು ಎಷ್ಟು ಉಳಿಯತ್ತೆ ಅಂತ ಕೇಳಿದ್ರೆ ಅದು ಪ್ರೊಗ್ನೋಸಿಸ್. ಅದಕ್ಕೆ ಉತ್ತರ ಮಳೆ ಹೇಗೆ ಹಿಡಿಯತ್ತೆ, ಬೋರ್ಡೋ ಔಷಧಿ ಹೊಡೆದಿದೀರೋ ಇಲ್ವೋ, ಬಿದ್ದ ಕಾಯಿ ಆರಿಸಿ ಹೊರಗೆ ಹಾಕಿದೀರೋ ಇಲ್ವೋ ಅನ್ನೋದ್ರ ಮೇಲೆ ನಿಂತಿರತ್ತೆ, ಜುಲೈಲಿ ಹೇಳಿದ ಅಂದಾಜು ಆಗಸ್ಟಲ್ಲಿ ಬದಲಾಗತ್ತೆ, ಬದಲಾಯ್ತು ಅಂತ ಹೇಳ್ದವ್ನನ್ನ ಸುಳ್ಳುಗಾರ ಅನ್ನೋಕಾಗಲ್ಲ.

ಪದದ ಹುಟ್ಟೂ ಹಾಗೇ ಇದೆ. ಗ್ರೀಕಲ್ಲಿ ಗ್ನೋಸಿಸ್ ಅಂದ್ರೆ ಅರಿವು, ನಮ್ಮ ಜ್ಞಾನದ ಜ್ಞ ಮತ್ತೆ ಆ ಗ್ನ ಒಂದೇ ಬೇರಿಂದ ಬಂದಿದ್ದು. ಡಯಾ ಅಂದ್ರೆ ಬಿಡಿಸಿ, ಬೇರ್ಪಡಿಸಿ. ಪ್ರೊ ಅಂದ್ರೆ ಮುಂಚೆ. ಬಿಡಿಸಿ ತಿಳಿಯೋದು ಒಂದು, ಮುಂಚೆ ತಿಳಿಯೋದು ಇನ್ನೊಂದು. ಕನ್ನಡದ ಪುಸ್ತಕಗಳಲ್ಲಿ ಡಯಾಗ್ನೋಸಿಸ್ಸಿಗೆ ರೋಗನಿದಾನ ಅಂತ ಇರತ್ತೆ, ಪ್ರೊಗ್ನೋಸಿಸ್ಸಿಗೆ ಮುನ್ನರಿವು ಅಂತಾರೆ, ಎರಡೂ ಒಳ್ಳೆ ಪದ, ಆದ್ರೆ ನಿದಾನ ಅಂದ ಕೂಡ್ಲೇ ಜನ ನಿಧಾನ ಅಂತ ಕೇಳಿಸ್ಕೊಂಡು "ಕಾಯಿಲೆ ನಿಧಾನಕ್ಕೆ ಹೋಗತ್ತಾ" ಅಂತ ಕೇಳ್ತಾರೆ, ಹಾಗಾಗಿ ನಾನು ವಾರ್ಡಲ್ಲಿ ಆ ಪದ ಬಿಟ್ಟುಬಿಟ್ಟೆ.

ಕಾಗದ ಕೈಗೆ ತಗೊಂಡು ಮೊದಲು ಡಯಾಗ್ನೋಸಿಸ್ ಸಾಲು ಹುಡುಕಿ

ಡಿಸ್ಚಾರ್ಜ್ ಸಮರಿ ಆದ್ರೆ ಹೆಸ್ರು, ವಯಸ್ಸು, ಐಪಿ ನಂಬರ್ ಆದ ಕೂಡ್ಲೇ ಮೇಲ್ಗಡೆನೇ ಇರತ್ತೆ. ಕೈಬರಹದ ಚೀಟಿ ಆದ್ರೆ ಇಂಗ್ಲಿಷಿನ ಡಿ ಮತ್ತೆ ಎಕ್ಸ್ ಎರಡೇ ಅಕ್ಷರ ಬರೆದು ಮುಂದೆ ಚುಕ್ಕಿ ಇಟ್ಟಿರ್ತಾರೆ, ಅದೇ ಡಯಾಗ್ನೋಸಿಸ್. ಆರ್ ಮತ್ತೆ ಎಕ್ಸ್ ಇದ್ರೆ ಅದು ಔಷಧಿ, ಕಲಸ್ಕೋಬೇಡಿ.

ನಮ್ಮ ಈ ಅಪ್ಪಯ್ಯನ ಕಾಗದದಲ್ಲಿ ಇದ್ದಿದ್ದು, ಕನ್ನಡದಲ್ಲಿ ಬಿಡಿಸಿ ಹೇಳ್ತೀನಿ: ಅಕ್ಯೂಟ್ ಇಸ್ಕೆಮಿಕ್ ಸ್ಟ್ರೋಕ್, ಎಡಗಡೆ ಎಂಸಿಎ ಭಾಗದ ಇನ್ಫಾರ್ಕ್ಟ್; ಬಲಗಡೆ ಹೆಮಿಪ್ಲೀಜಿಯಾ; ಅಫೇಸಿಯಾ; ಹೊಸದಾಗಿ ಪತ್ತೆಯಾದ ಏಟ್ರಿಯಲ್ ಫಿಬ್ರಿಲೇಷನ್; ಹಳೇ ಬಿಪಿ, ಶುಗರ್. ಐದು ಸಾಲು ನೋಡಿ ಮನೆಯವ್ರು ಐದು ಕಾಯಿಲೆ ಅಂತ ಹೆದರ್ಕೊಂಡಿದ್ರು. ಹಾಗಲ್ಲ. ಮೊದಲನೇದು ಆಗಿರೋ ಘಟನೆ, ಮೆದುಳಿನ ಎಡಭಾಗದ ದೊಡ್ಡ ರಕ್ತನಾಳ ಒಂದ್ರಲ್ಲಿ ಹೆಪ್ಪುಗಟ್ಟಿದ ರಕ್ತದ ಗಡ್ಡೆ ಕೂತು ಅಲ್ಲಿಗೆ ರಕ್ತ ನಿಂತಿದೆ. ಎರಡನೇದು, ಮೂರನೇದು ಅದರ ಫಲ: ಬಲಗೈ ಬಲಗಾಲು ಬಿದ್ದಿದೆ, ಮಾತು ಹೋಗಿದೆ (ಎಡ ಮೆದುಳು ಬಲಗಡೆ ಮೈಯನ್ನ ನೋಡ್ಕೊಳ್ಳತ್ತೆ, ಹೆಚ್ಚಿನ ಜನಕ್ಕೆ ಮಾತೂ ಅಲ್ಲೇ ಇರತ್ತೆ). ನಾಲ್ಕನೇದು ಬಹುಶಃ ಕಾರಣ, ಹೃದಯದ ಮೇಲಿನ ಕೋಣೆ ತಾಳ ತಪ್ಪಿ ಅದುರ್ತಾ ಇರತ್ತೆ, ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ ಆ ಗಡ್ಡೆ ಮೆದುಳಿಗೆ ಹೋಗತ್ತೆ. ಕೊನೇದು ಮೊದಲಿಂದ ಇದ್ದ ಹಿನ್ನೆಲೆ. ಒಂದೇ ಕಥೆಯ ಐದು ತುಂಡು.

ಡಯಾಗ್ನೋಸಿಸ್ ಸಾಲಲ್ಲಿ ಮನೆಯವ್ರು ನೋಡ್ಬೇಕಾದ್ದು ಇನ್ನೊಂದಿದೆ, ಅದು ಪಕ್ಕಾನಾ ಇನ್ನೂ ಅನುಮಾನನಾ ಅಂತ. ಪ್ರೊವಿಷನಲ್ ಅಂತ ಇದ್ರೆ ಸದ್ಯಕ್ಕೆ ಹೀಗಂದ್ಕೊಂಡಿದೀವಿ ಅಂತ ಅರ್ಥ. ಪದದ ಹಿಂದೆ ಪ್ರಶ್ನಾರ್ಥಕ ಚಿಹ್ನೆ ಇದ್ರೂ ಅದೇ. ಫೈನಲ್ ಅಂತ ಇದ್ರೆ ಸ್ಕ್ಯಾನಿಂಗು, ರಕ್ತಪರೀಕ್ಷೆ ಎಲ್ಲ ನೋಡಿ ನಿಂತಿರೋ ಮಾತು. ಕೆ ಸಿ ಓ ಅಂತ ಓರೆಗೆರೆ ಹಾಕಿ ಬರೆದಿದ್ರೆ ಈ ಕಾಯಿಲೆ ಮೊದಲಿಂದ ಇದೆ ಅಂತ, ಹೊಸದಲ್ಲ.

ಈ ಅನುಮಾನದ ವಿಷ್ಯ ಯಾಕೆ ಮುಖ್ಯ ಅಂದ್ರೆ ಡಯಾಗ್ನೋಸಿಸ್ ಬದಲಾದ್ರೆ ಪ್ರೊಗ್ನೋಸಿಸ್ ಬುಡಸಮೇತ ಬದಲಾಗತ್ತೆ. ಒಬ್ಬ ಶುಗರ್ ಪೇಷೆಂಟು, ಮಾತ್ರೆ ನುಂಗಿ ರಾತ್ರಿ ಊಟ ಬಿಟ್ಟು ಮಲಗಿದ್ದವ್ರು, ಬೆಳಿಗ್ಗೆ ಒಂದ್ಕಡೆ ಕೈ ಎತ್ತಕ್ಕಾಗ್ತಿಲ್ಲ, ತೊದಲ್ತಿದಾರೆ ಅಂತ ಕರ್ಕೊಂಡು ಬಂದ್ರೆ ನೋಡೋಕೆ ಥೇಟ್ ಲಕ್ವನೇ. ಬೆರಳು ಚುಚ್ಚಿ ನೋಡಿದ್ರೆ ಶುಗರ್ 38. ನರಕ್ಕೆ ಗ್ಲೂಕೋಸ್ ಹೋದ್ರೆ ಹೆಚ್ಚಿನವರು ಸ್ವಲ್ಪ ಹೊತ್ತಲ್ಲೇ ಕೈ ಎತ್ತಿ ಕಾಫಿ ಕೇಳ್ತಾರೆ. ಹೊರಗೆ ಕಂಡಿದ್ದು ಅದೇ ಬಿದ್ದ ಕೈ, ಆದ್ರೆ ಒಳಗಿನ ಕಾರಣ ಬೇರೆ, ಮುಂದಿನ ದಾರಿನೂ ಬೇರೆ. ಅದಕ್ಕೇ ಲಕ್ವ ಅಂತ ಬಂದ ಪ್ರತಿಯೊಬ್ರಿಗೂ ಮೊದಲು ಶುಗರ್ ನೋಡ್ತಾರೆ, ಆಮೇಲೆ ಗಡ್ಡೆನಾ ರಕ್ತಸ್ರಾವನಾ ತಿಳ್ಕೊಳ್ಳೋಕೆ ಸಿಟಿ ಸ್ಕ್ಯಾನ್. ಹಾಗಾಗಿ ಪ್ರೊವಿಷನಲ್ ಅಂತ ಇರೋ ಕಾಗದ ಹಿಡ್ಕೊಂಡು ಪ್ರೊಗ್ನೋಸಿಸ್ ಏನು ಅಂತ ಹತ್ತು ಜನಕ್ಕೆ ಫೋನ್ ಮಾಡ್ಬೇಡಿ, ಕಾಯಿಲೆ ಯಾವ್ದು ಅಂತಲೇ ಇನ್ನೂ ನಿಂತಿಲ್ಲ.

ಈಗ ಪ್ರೊಗ್ನೋಸಿಸ್ ಸಾಲು, ಇದು ಎಷ್ಟೋ ಸಲ ಇರೋದೇ ಇಲ್ಲ

ತುಂಬಾ ಡಿಸ್ಚಾರ್ಜ್ ಸಮರಿಗಳಲ್ಲಿ ಪ್ರೊಗ್ನೋಸಿಸ್ ಅಂತ ಸಾಲೇ ಇರಲ್ಲ. ಇದ್ರೆ ಕೊನೇಲಿ ಒಂದು ಪದ. ಅದು ಹೆಚ್ಚಾಗಿ ಇರೋದು ಕೇಸ್ ಶೀಟಲ್ಲಿ, ಅಂದ್ರೆ ಬೆಡ್ ಹತ್ರ ದಿನಾ ಬರೆಯೋ ಪುಟಗಳಲ್ಲಿ, ಮತ್ತೆ ನಿಮ್ಮ ಹತ್ರ ಸೈನ್ ಹಾಕಿಸ್ಕೊಳ್ಳೋ ಹಾಳೇಲಿ. ಅಲ್ಲಿನ ಸಾಲು ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ ಥರ ಇರತ್ತೆ, ನಾನು ಬರೀತಿದ್ದಿದ್ದೂ ಅದೇ: ಪೇಷೆಂಟಿನ ಸ್ಥಿತಿ ಮತ್ತು ಪ್ರೊಗ್ನೋಸಿಸ್ಸನ್ನು ಅಟೆಂಡರ್‌ಗಳಿಗೆ ಅವರದೇ ಭಾಷೆಯಲ್ಲಿ ವಿವರಿಸಲಾಗಿದೆ.

ಈ ಸಾಲು ಒಂದು ದಾಖಲೆ. ನಿಮಗೆ ಹೇಳಿದೀವಿ, ನೀವು ಕೇಳಿಸ್ಕೊಂಡಿದೀರಿ ಅಂತ. ಒಳ್ಳೇದಾಗತ್ತೆ ಅಂತಲೂ ಅಲ್ಲ ಕೆಟ್ಟದಾಗತ್ತೆ ಅಂತಲೂ ಅಲ್ಲ, ಏನು ಹೇಳಿದ್ರು ಅನ್ನೋದೇ ಆ ಸಾಲಲ್ಲಿ ಇರಲ್ಲ. ಹಾಗಾಗಿ ಸೈನ್ ಹಾಕೋಕೆ ಮುಂಚೆ "ಏನು ವಿವರಿಸಿದ್ರಿ ಅಂತ ಇನ್ನೊಂದ್ಸಲ ಹೇಳಿ ಡಾಕ್ಟ್ರೇ, ನಾನು ಅಮ್ಮಂಗೆ ಹೇಳ್ಬೇಕು" ಅಂತ ಕೇಳಿ. ಇದು ಜಗಳದ ಮಾತಲ್ಲ, ಕೇಳಿದ್ರೆ ಹೆಚ್ಚಿನ ಡಾಕ್ಟ್ರು ನಿಂತು ಹೇಳ್ತಾರೆ.

ಇನ್ನು ಆ ಒಂದು ಪದ. ಗುಡ್, ಫೇರ್, ಗಾರ್ಡೆಡ್, ಪೂರ್, ಗ್ರೇವ್, ಈ ಐದರಲ್ಲಿ ಒಂದಿರತ್ತೆ. ಗುಡ್, ಪೂರ್ ಬಗ್ಗೆ ಹೇಳ್ಬೇಕಾಗಿಲ್ಲ. ಫೇರ್ ಅಂದ್ರೆ ಸುಧಾರಿಸೋ ಸಾಧ್ಯತೆ ಜಾಸ್ತಿ ಆದ್ರೆ ಪೂರ್ತಿ ಅಂತ ಹೇಳಕ್ಕಾಗಲ್ಲ. ಗ್ರೇವ್ ಅಂದ್ರೆ ಉಳಿಯೋದು ಕಷ್ಟ ಅಂತ ಡಾಕ್ಟ್ರಿಗೆ ಅನ್ಸಿದೆ. ಎಡವಟ್ಟಾಗೋದು ಗಾರ್ಡೆಡ್ಡಲ್ಲಿ. ಗಾರ್ಡ್ ಅಂದ್ರೆ ಕಾವಲು, ಹಾಗಾದ್ರೆ ಕಾವಲಲ್ಲಿ ಇದಾರೆ, ಸೇಫ್ ಅಂತ ಜನ ಓದ್ಕೊಳ್ತಾರೆ, ಸಹಜ. ಆದ್ರೆ ಇಲ್ಲಿ ಕಾವಲಲ್ಲಿ ಇರೋದು ಪೇಷೆಂಟ್ ಅಲ್ಲ, ಡಾಕ್ಟ್ರ ಮಾತು. ಅಂದ್ರೆ ನಾನು ಈಗ ಬಿಚ್ಚಿ ಏನೂ ಹೇಳಲ್ಲ, ಯಾವ ಕಡೆ ಬೇಕಾದ್ರೂ ತಿರುಗ್ಬಹುದು, ಕಾದು ನೋಡ್ಬೇಕು. ಚಿಂತೆ ಮಾಡೋ ಪದನೇ, ಆದ್ರೆ ಕೈಬಿಟ್ಟ ಪದ ಅಲ್ಲ.

ಮತ್ತೆ ಸ್ಟೇಬಲ್ ಅನ್ನೋದು ಪ್ರೊಗ್ನೋಸಿಸ್ ಅಲ್ಲ ಅಂತ ನೆನಪಿಟ್ಕೊಳ್ಳಿ. ಹೀಮೋಡೈನಮಿಕಲಿ ಸ್ಟೇಬಲ್ ಅಂತ ಬರೆದಿರ್ತಾರೆ, ಅಂದ್ರೆ ಈ ಹೊತ್ತಲ್ಲಿ ಬಿಪಿ, ನಾಡಿ ಸರಿ ನಿಂತಿದೆ. ಅಷ್ಟೇ. ಒಂದೇ ಕಾಗದದಲ್ಲಿ ಸ್ಟೇಬಲ್ಲೂ ಇರಬಹುದು, ಪ್ರೊಗ್ನೋಸಿಸ್ ಪೂರ್ ಅಂತಲೂ ಇರಬಹುದು, ಎರಡರಲ್ಲಿ ಒಂದು ಸುಳ್ಳು ಅಂತೇನಿಲ್ಲ.

ಹಳಬರು ಇದನ್ನ ನಮಗಿಂತ ಬಿಡಿಸಿ ಹೇಳ್ತಿದ್ರು ಅನ್ಸತ್ತೆ. ಚರಕ ಸಂಹಿತೆಯಲ್ಲಿ ಕಾಯಿಲೆ ಹಿಡಿದ ಮೇಲೆ ಅದು ಸುಖಸಾಧ್ಯನಾ, ಕೃಚ್ಛ್ರಸಾಧ್ಯನಾ, ಯಾಪ್ಯನಾ, ಅಸಾಧ್ಯನಾ ಅಂತ ವೈದ್ಯ ಮೊದಲು ಯೋಚಿಸ್ಬೇಕು ಅಂತಾರೆ. ಸುಲಭಕ್ಕೆ ವಾಸಿ, ಕಷ್ಟದಲ್ಲಿ ವಾಸಿ, ವಾಸಿ ಆಗಲ್ಲ ಆದ್ರೆ ಔಷಧಿ ಪಥ್ಯದಲ್ಲಿ ತೂಗಿಸ್ಕೊಂಡು ಹೋಗ್ಬಹುದು, ಕೈಮೀರಿದ್ದು. ಆ ಯಾಪ್ಯ ಅನ್ನೋ ಪದ ಇವತ್ತಿನ ಶುಗರಿಗೆ, ಹೃದಯದ ಕಾಯಿಲೆಗೆ ಎಷ್ಟು ಚೆನ್ನಾಗಿ ಕೂರತ್ತೆ ನೋಡಿ, ಇಂಗ್ಲಿಷಿನ ಐದು ಪದದಲ್ಲಿ ಅದಕ್ಕೆ ಸಮ ಇಲ್ಲ.

ಒಂದು ಪದವನ್ನ ಮೂರು ಪ್ರಶ್ನೆ ಮಾಡಿ

ಗಾರ್ಡೆಡ್ ಅಂತ ಬರೆದ ಆ ಒಂದು ಪದ ಮನೆಯವ್ರಿಗೆ ಯಾವ ಕೆಲಸಕ್ಕೂ ಬರಲ್ಲ. ಯಾವುದರ ಬಗ್ಗೆ, ಯಾವಾಗಿನವರೆಗೆ, ಏನಾದ್ರೆ, ಈ ಮೂರು ಸೇರಿದ್ರೆ ಮಾತ್ರ ಪ್ರೊಗ್ನೋಸಿಸ್ ಪೂರ್ತಿ ಆಗೋದು. ಜೀವದ ಪ್ರೊಗ್ನೋಸಿಸ್ ಬೇರೆ, ನಡೆಯೋದ್ರದ್ದು ಬೇರೆ, ಮಾತಿನದ್ದು ಬೇರೆ. ಆ ಹುಡುಗಿಗೆ ನಾನು ಹೇಳ್ಕೊಟ್ಟಿದ್ದು ಇಷ್ಟೇ, ಮಾರನೇ ದಿನ ರೌಂಡ್ಸಿಗೆ ಅವ್ರ ನ್ಯೂರೋ ಡಾಕ್ಟ್ರು ಬಂದಾಗ ಕೇಳಿದ್ದಾಳೆ, ಅವಳೇ ಆಮೇಲೆ ಹೇಳಿದ್ದು:

"ಸರ್, ಗಾರ್ಡೆಡ್ ಅಂದ್ರಲ್ಲ, ಅದು ಜೀವಕ್ಕಾ ಕೈಕಾಲಿಗಾ?"

"ಈಗ ಜೀವಕ್ಕೇ ಕಣಮ್ಮ. ಇವತ್ತು ಎರಡನೇ ದಿನ. ಐದು ದಿನ ಕಳೀಲಿ, ಆಮೇಲೆ ಕೈಕಾಲಿನ ಮಾತು."

ಎರಡು ಸಾಲು, ಆದ್ರೆ ಇದ್ರಲ್ಲಿ ಯಾವುದರ ಬಗ್ಗೆ ಅನ್ನೋದೂ ಬಂತು, ಎಲ್ಲಿವರೆಗೆ ಅನ್ನೋದೂ ಬಂತು. ಐದು ದಿನ ಯಾಕೆ ಅಂದ್ರೆ, ರಕ್ತ ನಿಂತು ಸತ್ತ ಮೆದುಳಿನ ಭಾಗ ಬಾತ್ಕೊಳ್ಳತ್ತೆ, ತಲೆಬುರುಡೆ ಹಿಗ್ಗಲ್ಲ, ಬಾವು ಎರಡನೇ ದಿನದಿಂದ ಐದನೇ ದಿನದ ಒಳಗೆ ಹೆಚ್ಚಾಗಿ ತುದಿಗೆ ಹೋಗತ್ತೆ. ಆ ಸತ್ತ ಭಾಗ, ಅಂದ್ರೆ ಇನ್ಫಾರ್ಕ್ಟ್, ದೊಡ್ಡದಿದ್ರೆ ಅದು ಆರೋಗ್ಯವಾಗಿರೋ ಭಾಗವನ್ನೂ ಅಮುಕತ್ತೆ. ಈ ದಿನಗಳಲ್ಲಿ ಅಟೆಂಡರ್ ನೋಡ್ಬೇಕಾದ್ದು ಕೈ ಎತ್ತಿದ್ರಾ ಅಂತಲ್ಲ, ಎಚ್ಚರ ಹೇಗಿದೆ ಅಂತ. ನಿನ್ನೆ ಕರೆದ್ರೆ ಕಣ್ಣು ಬಿಡ್ತಿದ್ದವ್ರು ಇವತ್ತು ಅಲುಗಿಸಿದ್ರೂ ತೂಕಡಿಸ್ತಿದ್ರೆ, ವಾಂತಿ ಆದ್ರೆ, "ಪಾಪ ನಿದ್ದೆ ಮಾಡ್ಲಿ" ಅಂತ ಬಿಡ್ಬೇಡಿ, ತಕ್ಷಣ ಸಿಸ್ಟರಿಗೆ ಹೇಳಿ. ಕೆಲವ್ರಿಗೆ ತಲೆಬುರುಡೆಯ ಒಂದು ಭಾಗ ತೆಗೆದು ಒತ್ತಡ ಇಳಿಸೋ ಆಪರೇಷನ್ ಮಾಡ್ತಾರೆ, ಅದು ಮಾಡೋದಾದ್ರೆ ಸಾಮಾನ್ಯವಾಗಿ ಮೊದಲ 48 ಗಂಟೆ ಒಳಗೇ ಮಾಡಿದ್ರೆ ಲಾಭ, ತಡವಾದ್ರೆ ಲಾಭ ಕಮ್ಮಿ.

ಇನ್ನೊಂದು ಗಂಡಾಂತರ ನುಂಗೋದ್ರಲ್ಲಿ. ಲಕ್ವ ಆದವ್ರಿಗೆ ಎಷ್ಟೋ ಸಲ ಗಂಟಲೂ ಸೋತಿರತ್ತೆ, ನುಂಗ್ತಾರಾ ಅಂತ ಪರೀಕ್ಷೆ ಮಾಡೋಕೆ ಮುಂಚೆ ಪ್ರೀತಿಯಿಂದ ಎರಡು ಚಮಚ ಗಂಜಿ ಕುಡಿಸಿದ್ರೆ ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗತ್ತೆ. ಮೂಗಿನ ಪೈಪ್ ಹಾಕಿರೋದು ಅದಕ್ಕೇ. ಪೈಪ್ ಹಾಕಿದ್ರು ಅಂದ್ರೆ ಇನ್ನು ಉಳಿಯಲ್ಲ ಅಂತ ಸಂಬಂಧಿಕ್ರು ಲೆಕ್ಕ ಹಾಕ್ತಾರೆ, ಪೈಪ್ ಪ್ರೊಗ್ನೋಸಿಸ್ ಅಲ್ಲ, ಪ್ರೊಗ್ನೋಸಿಸ್ ಕೆಡದೇ ಇರ್ಲಿ ಅಂತ ಹಾಕಿರೋದು.

ಐದು ದಿನ ಕಳೀತು, ಅಪ್ಪಯ್ಯ ಕರೆದ್ರೆ ತಿರುಗಿ ನೋಡ್ತಾರೆ. ಜೀವದ ಮೇಲಿನ ಗಾರ್ಡೆಡ್ ಅಲ್ಲಿಗೆ ಸಡಿಲ ಆಯ್ತು. ಈಗ ಕೈಕಾಲಿನ ಮಾತು. ಇಲ್ಲಿ ಕಾಲಿಗೆ ಒಂದು ಉತ್ತರ, ಕೈಗೆ ಇನ್ನೊಂದು ಉತ್ತರ ಬರತ್ತೆ ಅಂತ ಮೊದಲೇ ತಿಳ್ಕೊಂಡಿದ್ರೆ ಒಳ್ಳೇದು. ಕಾಲು ಸಾಮಾನ್ಯವಾಗಿ ಬೇಗ, ಯಾಕಂದ್ರೆ ಮಂಡಿ ಗಟ್ಟಿ ನಿಂತು ಮೈಭಾರ ತಡೆದ್ರೂ ಕೋಲು ಹಿಡ್ಕೊಂಡು ನಡೀಬಹುದು; ಕೈ ಕೆಲಸಕ್ಕೆ ಬರ್ಬೇಕಂದ್ರೆ ಬೆರಳು ಒಂದೊಂದೇ ಬಿಡಿಸಿ ಆಡ್ಬೇಕು. ಕೈ ಬಗ್ಗೆ ಒಂದು ಸುಲಭದ ಗುರುತಿದೆ, ಮೊದಲ ಎರಡು ಮೂರು ದಿನದಲ್ಲಿ ಭುಜ ಪಕ್ಕಕ್ಕೆ ಸ್ವಲ್ಪನಾದ್ರೂ ಎತ್ತಕ್ಕೆ ಆಗತ್ತಾ, ಬೆರಳು ಸ್ವಲ್ಪನಾದ್ರೂ ನೀಡಕ್ಕೆ ಆಗತ್ತಾ ಅಂತ ನೋಡೋದು. 2010ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸಿನ ಅಧ್ಯಯನದಲ್ಲಿ ಎರಡನೇ ದಿನ ಎರಡೂ ಆಗ್ತಿದ್ದವ್ರಿಗೆ ಆರು ತಿಂಗಳಲ್ಲಿ ಕೈಯ ಕುಶಲತೆ ಸ್ವಲ್ಪ ಮಟ್ಟಿಗಾದ್ರೂ ವಾಪಸ್ ಬರೋ ಸಾಧ್ಯತೆ 98 ಪರ್ಸೆಂಟ್ ಇತ್ತು, ಎರಡೂ ಆಗದೇ ಇದ್ದವ್ರಿಗೆ 25 ಪರ್ಸೆಂಟ್.

ಒಂದು ನಿಮಿಷ ಇಲ್ಲೇ ನಿಲ್ಲಿ, ಈ ಅಂಕಿ ಓದೋ ರೀತಿ ಹೇಳ್ಬೇಕು. ಮೊದಲನೇದು, ಇಬ್ಬರಿಗೂ ಡಯಾಗ್ನೋಸಿಸ್ ಸಾಲು ಒಂದೇ ಇರಬಹುದು, ಎಡಗಡೆ ಎಂಸಿಎ ಇನ್ಫಾರ್ಕ್ಟ್, ಪಕ್ಕದ ಬೆಡ್ಡಿನವ್ರಿಗೂ ಅದೇ. ಆದ್ರೆ ಒಬ್ರ ಬೆರಳು ಸ್ವಲ್ಪ ನೀಡ್ತು ಇನ್ನೊಬ್ರದ್ದು ನೀಡ್ಲಿಲ್ಲ, ಅಷ್ಟಕ್ಕೇ ಮುನ್ನರಿವು ಎರಡು ದಾರಿ ಹಿಡೀತು. "ಅವ್ರಿಗೂ ಇದೇ ಕಾಯಿಲೆ, ಅವ್ರು ಎದ್ದು ಓಡಾಡ್ತಿದಾರೆ, ನಮ್ಮ ಡಾಕ್ಟ್ರು ಯಾಕೆ ಹೀಗಂತಾರೆ" ಅನ್ನೋದಕ್ಕೆ ಉತ್ತರ ಇಲ್ಲಿದೆ. ಎರಡನೇದು, 25 ಪರ್ಸೆಂಟ್ ಅಂದ್ರೆ ಒಬ್ರ ಕೈ ನಾಲ್ಕನೇ ಒಂದು ಪಾಲು ವಾಸಿ ಆಗತ್ತೆ ಅಂತಲ್ಲ! ಎರಡೂ ಆಗದೇ ಇದ್ದವ್ರು ನೂರು ಜನ ಇದ್ರೆ ಅವ್ರಲ್ಲಿ ಸುಮಾರು ಇಪ್ಪತ್ತೈದು ಜನಕ್ಕೆ ಕೈ ಸ್ವಲ್ಪ ಬಂತು, ಎಪ್ಪತ್ತೈದು ಜನಕ್ಕೆ ಬರ್ಲಿಲ್ಲ. ನಿಮ್ಮ ಮನೆಯವ್ರು ಆ ನೂರರಲ್ಲಿ ಎಲ್ಲಿ ನಿಂತಿದಾರೆ ಅಂತ ಅಂಕಿ ಹೇಳಲ್ಲ. ಈ ಅಪ್ಪಯ್ಯನಿಗೆ ಭುಜ ಅಲ್ಪ ಸ್ವಲ್ಪ ಎತ್ತಕ್ಕೆ ಆಗ್ತಿತ್ತು, ಬೆರಳು ಒಂದೂ ಆಡ್ತಿರ್ಲಿಲ್ಲ. ಅಂದ್ರೆ ಮಧ್ಯದವ್ರು. ಕೈ ಬಗ್ಗೆ ಆಸೆ ಸ್ವಲ್ಪ ತಗ್ಗಿಸ್ಕೊಳ್ಳಿ, ಕಾಲಿನ ಮೇಲೆ ಕೆಲಸ ಮಾಡಿ ಅಂತ ಫಿಸಿಯೋದವ್ರು ಹೇಳಿದ್ದು ಸರಿಯಾಗೇ ಇತ್ತು.

ಕೈಕಾಲಿನ ಚೇತರಿಕೆಯ ದೊಡ್ಡ ಪಾಲು ಮೊದಲ ಮೂರು ತಿಂಗಳಲ್ಲಿ ಆಗತ್ತೆ, ಆಮೇಲೆ ನಿಂತುಬಿಡಲ್ಲ, ನಿಧಾನ ಆಗತ್ತೆ (ಈ ನಿಧಾನ ಮಹಾಪ್ರಾಣದ್ದೇ). ಮಾತು ಅದಕ್ಕಿಂತ ಉದ್ದಕ್ಕೆ ಬರ್ತಾ ಇರತ್ತೆ, ವರ್ಷ ಕಳೆದ ಮೇಲೂ ಹೊಸ ಪದ ಬಂದವ್ರಿದಾರೆ. ಇನ್ನು ಮಾತು ಹೋಗಿದೆ ಅಂದ್ರೆ ಕೇಳಿಸಲ್ಲ, ಅರ್ಥ ಆಗಲ್ಲ ಅಂತ ಅಂದ್ಕೊಂಡು ಬೆಡ್ಡಿನ ಪಕ್ಕದಲ್ಲೇ ನಿಂತು "ಡಾಕ್ಟ್ರು ಆಗಲ್ಲ ಅಂದ್ರಂತೆ" ಅಂತ ಮಾತಾಡ್ಕೊಳ್ತಾರಲ್ಲ, ದಯವಿಟ್ಟು ಮಾಡ್ಬೇಡಿ. ಅಫೇಸಿಯಾದಲ್ಲಿ ಕೆಲವ್ರಿಗೆ ಅರ್ಥ ಆಗೋದೂ ಕಮ್ಮಿ ಆಗಿರತ್ತೆ, ಕೆಲವ್ರಿಗೆ ಚೆನ್ನಾಗಿ ಅರ್ಥ ಆಗ್ತಿರತ್ತೆ, ತಿರುಗಿ ಹೇಳಕ್ಕೆ ಮಾತ್ರ ಆಗಲ್ಲ. ಮಾತಾಡೋದಿದ್ರೆ ಕಾರಿಡಾರಿಗೆ ಬನ್ನಿ.

ಮೂರನೇ ಪ್ರಶ್ನೆ, ಏನಾದ್ರೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು, ಜನ ಕೇಳೋದು ಮಾತ್ರ ಕಮ್ಮಿ. ಡಯಾಗ್ನೋಸಿಸ್ಸಿಗೆ ಷರತ್ತು ಇಲ್ಲ, ಗಡ್ಡೆ ಕೂತಿದೆ ಅಂದ್ರೆ ಕೂತಿದೆ. ಪ್ರೊಗ್ನೋಸಿಸ್ಸಿಗೆ ಯಾವಾಗ್ಲೂ ಷರತ್ತಿರತ್ತೆ. ಈ ಕೇಸಲ್ಲಿ ಆ ನಾಲ್ಕನೇ ಸಾಲು ನೆನಪಿದೆಯಲ್ಲ, ಏಟ್ರಿಯಲ್ ಫಿಬ್ರಿಲೇಷನ್? ಹೃದಯದಿಂದ ಇನ್ನೊಂದು ಗಡ್ಡೆ ಬಂದು ಇನ್ನೊಂದು ಲಕ್ವ ಆಗೋ ಭಯ ಜೀವಮಾನ ಪೂರ್ತಿ ಇರತ್ತೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಮಾತ್ರೆ, ವಾರ್ಫರಿನ್ನೋ ಈಗಿನ ಹೊಸ ಮಾತ್ರೆನೋ, ಸರಿಯಾಗಿ ತಗೊಂಡ್ರೆ ಆ ಭಯ ಸುಮಾರು ಮೂರನೇ ಎರಡು ಪಾಲು ಇಳಿಯತ್ತೆ. ಆಸ್ಪಿರಿನ್ ಒಂದ್ರಿಂದ ಈ ಕಾಯಿಲೇಲಿ ಅಷ್ಟು ಲಾಭ ಸಿಗಲ್ಲ. ಲಕ್ವ ದೊಡ್ಡದಾಗಿದ್ರೆ ಆ ಮಾತ್ರೆ ಮೊದಲ ದಿನವೇ ಕೊಡಲ್ಲ, ಸತ್ತ ಭಾಗಕ್ಕೆ ರಕ್ತ ಸೋರೋ ಭಯ ಇರತ್ತೆ, ಕೆಲವು ದಿನ ಬಿಟ್ಟು ಶುರು ಮಾಡ್ತಾರೆ. ಎಡವಟ್ಟು ಇಲ್ಲೇ ಆಗೋದು, "ಆಮೇಲೆ ಶುರು ಮಾಡಿ" ಅಂತ ಸಮರಿಯ ಮೂಲೇಲಿ ಬರೆದಿರ್ತಾರೆ, ಮನೆಯವ್ರು ಮೇಲಿನ ಲಿಸ್ಟಲ್ಲಿದ್ದ ಮಾತ್ರೆ ಮಾತ್ರ ತಗೊಂಡು ಹೋಗ್ತಾರೆ, ಆ ಒಂದು ಮಾತ್ರೆ ಶುರುನೇ ಆಗಿರಲ್ಲ. ಹಾಗಾಗಿ ಪ್ರಶ್ನೆ ಹೀಗಿರ್ಲಿ: "ಮತ್ತೆ ಹೀಗಾಗದೇ ಇರೋಕೆ ಯಾವ ಮಾತ್ರೆ, ಯಾವ ತಾರೀಖಿಂದ?" ಉತ್ತರವನ್ನ ಅವ್ರ ಕೈಯಲ್ಲೇ ಕಾಗದದ ಮೇಲೆ ಬರೆಸ್ಕೊಳ್ಳಿ.

ಡಾಕ್ಟ್ರ ಅಂದಾಜು ಎಷ್ಟು ನಂಬ್ಬೇಕು

ಡಯಾಗ್ನೋಸಿಸ್ ಬಗ್ಗೆ ಅನುಮಾನ ಇದ್ರೆ ಅದೇ ಸ್ಕ್ಯಾನಿಂಗ್ ಸಿಡಿ ತಗೊಂಡು ಇನ್ನೊಬ್ರಿಗೆ ತೋರ್ಸಿ, ಹೆಚ್ಚಿನ ಸಲ ಅದೇ ಉತ್ತರ ಬರತ್ತೆ. ಪ್ರೊಗ್ನೋಸಿಸ್ ಬಗ್ಗೆ ಇಬ್ಬರು ಒಳ್ಳೆ ಡಾಕ್ಟ್ರು ಎರಡು ಥರ ಹೇಳಿದ್ರೆ ಒಬ್ರು ತಪ್ಪು ಅಂತ ಅಲ್ಲ.

2000ನೇ ಇಸವಿಯಲ್ಲಿ ಪ್ರಕಟವಾದ ಷಿಕಾಗೋದ ಒಂದು ಅಧ್ಯಯನ ಇದೆ, ಕೊನೆ ಹಂತದ ಆರೈಕೆಗೆ ಸೇರಿದ 468 ಪೇಷೆಂಟ್‌ಗಳು ಎಷ್ಟು ದಿನ ಇರ್ತಾರೆ ಅಂತ ಅವ್ರನ್ನ ಕಳಿಸಿದ ಡಾಕ್ಟ್ರುಗಳನ್ನೇ ಕೇಳಿದ್ರು. ಸರಿಯಾಗಿ ಹತ್ರಕ್ಕೆ ಬಂದ ಅಂದಾಜು 20 ಪರ್ಸೆಂಟ್ ಮಾತ್ರ. ತಪ್ಪಿದ್ದು ಯಾವ ಕಡೆ ಗೊತ್ತಾ? 63 ಪರ್ಸೆಂಟ್ ಅಂದಾಜುಗಳು ನಿಜಕ್ಕಿಂತ ಜಾಸ್ತಿ ದಿನ ಹೇಳಿದ್ವು. ಡಾಕ್ಟ್ರಿಗೂ ಪೇಷೆಂಟಿಗೂ ಪರಿಚಯ ಹಳೇದಾದಷ್ಟೂ ಲೆಕ್ಕ ಇನ್ನಷ್ಟು ತಪ್ತಿತ್ತು. ಡಾಕ್ಟ್ರು ಸುಮ್ನೆ ಹೆದರಿಸ್ತಾರೆ ಅಂತ ನಾವಂದ್ಕೊಳ್ತೀವಿ, ಆಗೋದು ಹೆಚ್ಚಾಗಿ ಉಲ್ಟಾ, ಇಪ್ಪತ್ತು ವರ್ಷದ ಫ್ಯಾಮಿಲಿ ಡಾಕ್ಟ್ರಿಗೆ ನಿಮ್ಮಪ್ಪನ ಬಗ್ಗೆ ಕೆಟ್ಟದ್ದು ಹೇಳೋಕೆ ನಾಲಿಗೆ ಹೊರಳಲ್ಲ. ಹಾಗಾಗಿ ದಿನ ಎಣಿಸಿ ಕೇಳೋ ಬದಲು ಹೀಗೆ ಕೇಳಿದ್ರೆ ಪ್ರಾಮಾಣಿಕ ಉತ್ತರ ಸಿಗತ್ತೆ: ಎಲ್ಲ ಚೆನ್ನಾಗಿ ಹೋದ್ರೆ ಮೂರು ತಿಂಗಳಿಗೆ ಹೇಗಿರ್ತಾರೆ, ಕೆಟ್ಟದ್ದಾದ್ರೆ ಏನಾಗ್ಬಹುದು, ನಿಮಗೆ ಹೆಚ್ಚಾಗಿ ಅನ್ಸೋದು ಯಾವ್ದು.

ಲಕ್ವದ ಮೊದಲ ದಿನಗಳಲ್ಲಿ ಮಾತ್ರ ನಾನು ಬೇರೆ ಥರದ ತಪ್ಪು ನೋಡಿದೀನಿ. ಮೂರನೇ ದಿನ ಪೂರ್ ಪ್ರೊಗ್ನೋಸಿಸ್ ಅಂದ್ರು, ಇನ್ನೇನು, ಮನೇಲೇ ಹೋಗ್ಲಿ ಅಂತ ಬಂಧುಗಳೆಲ್ಲ ಸೇರಿ ತೀರ್ಮಾನ ಮಾಡಿ, ವೈದ್ಯರ ಸಲಹೆಗೆ ವಿರುದ್ಧವಾಗಿ ಕರ್ಕೊಂಡು ಹೋಗ್ತೀವಿ ಅಂತ ಸೈನ್ ಹಾಕಿ ಆಂಬುಲೆನ್ಸ್ ಹತ್ತಿಸ್ತಾರೆ. ಕೆಲವು ಸಲ ಅದು ಸರಿಯಾದ ತೀರ್ಮಾನವೇ ಆಗಿರತ್ತೆ, ದುಡ್ಡು, ದೂರ, ನೋಡ್ಕೊಳ್ಳೋರು ಯಾರು, ಇದೆಲ್ಲ ನಿಜದ ವಿಷ್ಯಗಳು. ಆದ್ರೆ ಆ ಪೂರ್ ಅನ್ನೋದು ಜೀವಕ್ಕಾ, ಕೈಗಾ ಅಂತ ಕೇಳದೇ ಹೋದವ್ರನ್ನ ನೋಡಿದೀನಿ. ಕೈಗೆ ಅಂತ ಹೇಳಿದ್ದ ಪೂರ್ ಅದು. ಮನೆಗೆ ಹೋಗಿ ನುಂಗಕ್ಕಾಗದೇ ನ್ಯುಮೋನಿಯಾ ಆಗಿ ಎಂಟನೇ ದಿನ ಹೋದ್ರು.

ಮನೆಯವ್ರಲ್ಲಿ ಡಾಕ್ಟ್ರ ಹತ್ರ ಮಾತಾಡೋಕೆ ಒಬ್ಬರನ್ನೇ ಇಡಿ, ಅವ್ರು ತಾರೀಖು ಹಾಕಿ ನೋಟ್‌ಬುಕ್ಕಲ್ಲಿ ಬರೀಲಿ. ತಾರೀಖು ಯಾಕಂದ್ರೆ ಪ್ರೊಗ್ನೋಸಿಸ್ ಹಳಸತ್ತೆ. ಎರಡನೇ ದಿನ ಬೆಂಗಳೂರಿನ ಮಾವನಿಗೆ ಫೋನಲ್ಲಿ ಹೇಳಿದ ಗಾರ್ಡೆಡ್ಡನ್ನ ಅವ್ರು ಹದಿನೈದನೇ ದಿನಾನೂ ಎಲ್ಲರಿಗೂ ಹೇಳ್ತಿರ್ತಾರೆ. ಪ್ರೊಗ್ನೋಸಿಸ್ಸನ್ನ ಮತ್ತೆ ಕೇಳ್ಬೇಕಾದ ಹೊತ್ತು ಲಕ್ವದಲ್ಲಿ ನಾಲ್ಕಿದೆ ಅಂತ ಇಟ್ಕೊಳ್ಳಿ: ಸ್ಕ್ಯಾನಿಂಗ್ ಬಂದಾಗ, ಐದಾರು ದಿನ ಕಳೆದಾಗ, ಡಿಸ್ಚಾರ್ಜ್ ಹೊತ್ತಲ್ಲಿ, ಮೂರು ತಿಂಗಳಿಗೆ.

ಮೂರು ತಿಂಗಳಿಗೆ ಆ ಹುಡುಗಿ ಅಪ್ಪಯ್ಯನ್ನ ನನ್ನ ಕ್ಲಿನಿಕ್ಕಿಗೇ ಕರ್ಕೊಂಡು ಬಂದ್ಳು. ಹೊಸ ಕಾಗದ ತೋರಿಸಿದ್ಳು, ಡಯಾಗ್ನೋಸಿಸ್ ಸಾಲು ಹಾಗೇ ಇದೆ, ಮುಂದೆ ಓಲ್ಡ್ ಅಂತ ಒಂದು ಪದ ಸೇರಿದೆ ಅಷ್ಟೇ. ಪ್ರೊಗ್ನೋಸಿಸ್ ಸಾಲು ಇರ್ಲಿಲ್ಲ. ಅಪ್ಪಯ್ಯ ಕೋಲು ಹಿಡ್ಕೊಂಡು ಅಂಗಳದಿಂದ ಕೊಟ್ಟಿಗೆವರೆಗೆ ಹೋಗ್ತಾರಂತೆ, ಬಲಗೈಯಲ್ಲಿ ಲೋಟ ಹಿಡಿಯಕ್ಕಾಗಲ್ಲ, ಎಡಗೈಯಲ್ಲಿ ಉಣ್ತಾರೆ. ಮಾತು ನಾಲ್ಕೈದು ಪದ ಬಂದಿದೆ, ಹೆಂಡತಿಯನ್ನ ಕರೆಯೋಕೆ ಹೋದ್ರೆ ಮಗಳ ಹೆಸ್ರು ಬರತ್ತೆ, ಕೋಪ ಬಂದ್ರೆ ಮಾತ್ರ ಬೈಗುಳ ಸ್ಪಷ್ಟ. ನಾನು ನಾಡಿ ನೋಡ್ತಿರೋವಾಗ ಅವಳು ನೋಟ್‌ಬುಕ್ ತೆಗೆದು ಕೇಳಿದ್ಳು, "ಡಾಕ್ಟ್ರೇ, ಇನ್ನು ಮಾತಿಗೆ ಎಲ್ಲಿವರೆಗೆ ಕಾಯ್ಬೇಕು, ಏನು ಮಾಡಿದ್ರೆ?"